1.20 ಅಂದರೆ ಎಷ್ಟು ಎಕರೆ? ನಮ್ಮ ಇಳುವರಿ ಹಾಳೆ ರಿಪೇರಿ ಮಾಡಿದ ಕತೆ

ಹಾಸನ ತಾಲ್ಲೂಕಿನ ನಮ್ಮ ರೈತ ಉತ್ಪಾದಕರ ಗುಂಪಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಯಾರ ಯಾವ ಹೊಲದಲ್ಲಿ ಯಾವ ಹಂಗಾಮಿಗೆ ಎಷ್ಟು ಬೆಳೆ ಬಂತು ಅಂತ ಒಂದು ಕಡೆ ಬರೆದಿಡಬೇಕು ಎಂದು ಸಭೆಯಲ್ಲಿ ತೀರ್ಮಾನ ಆಯಿತು. ಬಿತ್ತನೆ ಗಡ್ಡೆ ಒಟ್ಟಿಗೆ ತರಿಸಬೇಕು, ಲಾರಿ ಮಾತಾಡಬೇಕು ಅಂದರೆ ಹಿಂದಿನ ವರ್ಷದ ಅಂದಾಜು ಬೇಕೇ ಬೇಕಲ್ವಾ. ನಾನೂ ಸುಲಭದ ಕೆಲಸ ಅಂದುಕೊಂಡೆ. ಒಂದೇ ಹಾಳೆ ಮಾಡಿದೆ. ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಬೆಳೆ, ಎಷ್ಟು ಚೀಲ. ಮೊದಲ ವರ್ಷ 23 ಜನರ 41 ತಾಕು ತುಂಬಿದೆ. ಎಕರೆಗೆ ಎಷ್ಟು ಕೆಜಿ ಅಂತ ಸೂತ್ರ ಹಾಕಿ, ಪ್ರಿಂಟ್ ತೆಗೆದು, ಸಭೆಗೆ ತೆಗೆದುಕೊಂಡು ಹೋದೆ.

ಅಲ್ಲಿ ನಮ್ಮ ಬೀದಿಯ ದೊಡ್ಡಪ್ಪ ಒಬ್ಬರು ಕನ್ನಡಕ ಏರಿಸಿಕೊಂಡು ತಮ್ಮ ಸಾಲು ನೋಡಿದರು. "ಏನವ್ವಾ, ನಂಗೆ ಎಕರೆಗೆ ನಾಲ್ಕು ಟನ್ ಬಂದಿದೆ ಅಂತ ಬರ್ದಿದ್ದೀಯ. ಅಷ್ಟು ಬಂದಿದ್ರೆ ನಾನ್ಯಾಕೆ ಹಿಂಗೆ ಕೂತಿರ್ತಿದ್ದೆ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದ ಮೇಲೆ ನಗು ನಿಂತಿತು.

ಅವರ ಪಹಣಿಯಲ್ಲಿ ಇದ್ದದ್ದು 1 ಎಕರೆ 20 ಗುಂಟೆ. ನಾವೆಲ್ಲ ಅದನ್ನು ಬರೆಯುವುದು 1.20 ಅಂತ. ಪಹಣಿಯಲ್ಲೂ ಎಕರೆ, ಚುಕ್ಕೆ, ಗುಂಟೆ ಅಂತಲೇ ಬರುತ್ತದೆ. ಆದರೆ ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ. ಎಕರೆಗೆ 40 ಗುಂಟೆ, ಹಾಗಾಗಿ 1.20 ಅಂದರೆ ಒಂದೂವರೆ ಎಕರೆ. ಸ್ಪ್ರೆಡ್‌ಶೀಟಿಗೆ ಇದೇನು ಗೊತ್ತು? ಅದು 1.2 ಎಕರೆ ಅಂದುಕೊಂಡಿತು. ಅಷ್ಟೇ ಅಲ್ಲ, ಕೊನೆಯ ಸೊನ್ನೆಯನ್ನೂ ನುಂಗಿ 1.2 ಅಂತ ತೋರಿಸಿತು. ಈಗ ಅದನ್ನು ಓದಿದವರಿಗೆ 1 ಎಕರೆ 2 ಗುಂಟೆ ಅಂತಲೂ ಅನಿಸಬಹುದು.

ದೊಡ್ಡಪ್ಪನಿಗೆ ಬಂದದ್ದು 96 ಚೀಲ ಆಲೂಗೆಡ್ಡೆ. ಚೀಲಕ್ಕೆ 50 ಕೆಜಿ ಹಿಡಿದರೆ 4,800 ಕೆಜಿ. ಇದನ್ನು 1.2ರಿಂದ ಭಾಗಿಸಿದರೆ ಎಕರೆಗೆ 4,000. ಒಂದೂವರೆಯಿಂದ ಭಾಗಿಸಿದರೆ 3,200. 1 ಎಕರೆ 2 ಗುಂಟೆ, ಅಂದರೆ 1.05 ಎಕರೆ ಅಂತ ಹಿಡಿದರೆ 4,571. ಒಂದೇ ಹೊಲ, ಒಂದೇ ಬೆಳೆ, ಮೂರು ಲೆಕ್ಕ. ಹೆಚ್ಚೂಕಡಿಮೆ ಒಂದು ಟನ್ನಿಗಿಂತ ಜಾಸ್ತಿ ವ್ಯತ್ಯಾಸ.

ಹಳೆಯ ಸಾಲುಗಳನ್ನು ಹುಡುಕಿದ್ದು

ಮುಂದಿನದಕ್ಕೆ ದಾರಿ ಸರಳ. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು. ಆಗಲೇ ತುಂಬಿಟ್ಟ 41 ಸಾಲಿನ ಗತಿ ಏನು? ಅದೇ ದೊಡ್ಡ ತಲೆನೋವು ಆಯಿತು.

ಮೊದಲು ಚುಕ್ಕೆಯ ನಂತರದ ಸಂಖ್ಯೆ ನೋಡಿದೆ. ಗುಂಟೆ 39ಕ್ಕಿಂತ ಮೇಲೆ ಹೋಗುವುದಿಲ್ಲ, 40 ಆದರೆ ಅದು ಇನ್ನೊಂದು ಎಕರೆ. ಹಾಗಾಗಿ 0.75, 2.75 ಅಂತ ಇದ್ದ ಸಾಲುಗಳನ್ನು ಬರೆದವರು ಖಂಡಿತ ದಶಮಾಂಶದಲ್ಲೇ ಬರೆದಿದ್ದಾರೆ. ಅಂಥವು ಐದು ಸಿಕ್ಕವು. ನಮ್ಮ ಜೊತೆ ಮಾಹಿತಿ ತುಂಬಿದ ಹುಡುಗನೊಬ್ಬ ಮುಕ್ಕಾಲು ಎಕರೆ ಅಂತ ಹೇಳಿದ್ದನ್ನು 0.75 ಅಂತ ಹಾಕಿದ್ದ. ಅವನ ತಪ್ಪೇನಲ್ಲ. ಹಾಳೆ ಮಾಡಿದ ನಾನು ಹೇಗೆ ಬರೆಯಬೇಕು ಅಂತ ಹೇಳಿರಲಿಲ್ಲ.

1.15, 0.35 ಈ ಥರದವು ಹೆಚ್ಚಿನವು ಗುಂಟೆ ಎಂದೇ ಇಟ್ಟುಕೊಂಡು, ಫೋನ್ ಮಾಡಿ ಕೇಳಿ ಖಚಿತ ಮಾಡಿಕೊಂಡೆ. 1.25 ಅಂತ ಇದ್ದವರನ್ನು ಮಾತ್ರ ಬಿಡಿಸಿ ಕೇಳಬೇಕಾಯಿತು. ಅದು ಒಂದು ಎಕರೆ 25 ಗುಂಟೆಯೂ ಆಗಬಹುದು, ಒಂದೂಕಾಲು ಎಕರೆಯೂ ಆಗಬಹುದು. ಉಳಿದದ್ದು 1.1, 1.2, 2.3 ಅಂತ ಒಂದೇ ಅಂಕಿ ಇದ್ದ ಒಂಬತ್ತು ಸಾಲು. ಸೊನ್ನೆ ನುಂಗಿಹೋದ ಸಾಲುಗಳು ಇವೇ. ಯಾವ ಸೂತ್ರ ಹಾಕಿದರೂ ಹೋದ ಸೊನ್ನೆ ವಾಪಸ್ ಬರುವುದಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಬಿತ್ತನೆ ಗಡ್ಡೆ. ಆಲೂಗೆಡ್ಡೆ ಬೆಳೆಯುವವರಿಗೆ ಬೀಜದ್ದೇ ದೊಡ್ಡ ಖರ್ಚು. ಜಲಂಧರ್‌ನಿಂದ ಬಂದ 50 ಕೆಜಿ ಚೀಲ ಎಷ್ಟು ತಂದೆವು, ಎಷ್ಟು ದುಡ್ಡು ಕೊಟ್ಟೆವು ಅನ್ನುವುದನ್ನು ಯಾರೂ ಮರೆಯುವುದಿಲ್ಲ. ನಮ್ಮ ಊರ ಕಡೆ ಎಕರೆಗೆ 10ರಿಂದ 12 ಚೀಲ ಹಾಕುತ್ತಾರೆ. ದೊಡ್ಡಪ್ಪ ತಂದದ್ದು 16 ಚೀಲ. ಒಂದೂವರೆ ಎಕರೆಗೆ ಹಂಚಿದರೆ ಎಕರೆಗೆ 10.7 ಚೀಲ, ಸರಿಯಾಗಿ ಕೂರುತ್ತದೆ. 1.2 ಎಕರೆಗೆ 13.3, 1.05 ಎಕರೆಗೆ 15ರ ಮೇಲೆ. ಅಷ್ಟು ಒತ್ತಾಗಿ ಯಾರೂ ನಮ್ಮಲ್ಲಿ ಹಾಕುವುದಿಲ್ಲ. ಹೀಗೆ ಒಂಬತ್ತರಲ್ಲಿ ಏಳು ಸಾಲು ಬಗೆಹರಿದವು.

ಎಲ್ಲ ಕಡೆ ಈ ಉಪಾಯ ನಡೆಯಲಿಲ್ಲ. ಒಂದು ಸಾಲಿನಲ್ಲಿ 2.3 ಅಂತ ಇತ್ತು, ಬೀಜ 23 ಚೀಲ. 2 ಎಕರೆ 30 ಗುಂಟೆ ಅಂದರೆ ಎಕರೆಗೆ 8.4 ಚೀಲ, ಕಡಿಮೆ ಆಯಿತು. 2 ಎಕರೆ 3 ಗುಂಟೆ ಅಂದರೆ 11, ದಶಮಾಂಶ ಅಂದರೆ 10. ಎರಡೂ ಸರಿ ಕಾಣುತ್ತವೆ. ದಪ್ಪ ಗಡ್ಡೆಯನ್ನು ಕತ್ತರಿಸಿ ನೆಟ್ಟಿದ್ದರೆ ಅದೇ ಚೀಲ ಇನ್ನೂ ದೂರ ಹೋಗುತ್ತದೆ, ಆಗ 8.4ನ್ನೂ ತಳ್ಳಿಹಾಕುವಂತಿಲ್ಲ. ಕೊನೆಗೆ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್, ಹಿಸ್ಸಾ ಹಾಕಿ ಪಹಣಿ ತೆಗೆದೆ. 2 ಎಕರೆ 3 ಗುಂಟೆ. ಇನ್ನೊಂದು ಸಾಲಿಗೂ ಹೀಗೇ ಮಾಡಿದೆ.

ಪಹಣಿ ನೋಡಿದಾಗ ಇನ್ನೊಂದು ವಿಷಯ ಹೊಳೆಯಿತು. ಅಲ್ಲಿರುವುದು ಹಿಸ್ಸಾದ ಪೂರ್ತಿ ವಿಸ್ತೀರ್ಣ. ಅದರಲ್ಲಿ ಖರಾಬು ಇರುತ್ತದೆ, ಬದು ಇರುತ್ತದೆ, ಬೋರ್‌ವೆಲ್ ಪಕ್ಕ ನಾಲ್ಕು ತೆಂಗಿನ ಮರ ಇರುತ್ತವೆ. ಬಿತ್ತಿದ್ದು ಅದಕ್ಕಿಂತ ಕಡಿಮೆ. ಒಂದೇ ಹಿಸ್ಸಾದಲ್ಲಿ ಅರ್ಧಕ್ಕೆ ಆಲೂಗೆಡ್ಡೆ, ಅರ್ಧಕ್ಕೆ ಶುಂಠಿ ಹಾಕಿದವರೂ ಇದ್ದಾರೆ. ಅದಕ್ಕೇ ಹೊಸ ಹಾಳೆಯಲ್ಲಿ ಪಹಣಿ ವಿಸ್ತೀರ್ಣ ಬೇರೆ, ಬಿತ್ತಿದ ವಿಸ್ತೀರ್ಣ ಬೇರೆ. ಎರಡನೆಯದು ಮೊದಲನೆಯದಕ್ಕಿಂತ ಜಾಸ್ತಿ ಆದರೆ ಕೆಂಪು ಬಣ್ಣ ಬರುವಂತೆ ಮಾಡಿದೆ.

ಮೂರು ಹಾಳೆ

ಹಳೆಯದನ್ನು ತೇಪೆ ಹಾಕುವುದು ಬಿಟ್ಟು ಹೊಸದಾಗಿ ಕಟ್ಟಿದೆ. ಒಂದೇ ಫೈಲಿನಲ್ಲಿ ಮೂರು ಹಾಳೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆ, ಸೂತ್ರ ಬರೆಯುವಾಗ ಕೀಬೋರ್ಡ್ ಬದಲಾಯಿಸುತ್ತಾ ಕೂರುವುದು ತಪ್ಪಲಿ ಅಂತ.

`thaku` ಹಾಳೆಯಲ್ಲಿ ಹೊಲದ ವಿವರ. ಒಂದು ತಾಕಿಗೆ ಒಂದೇ ಸಾಲು, ಬದಲಾಗದಂಥ ಒಂದು ನಂಬರ್. ಸರ್ವೆ ನಂಬರ್ ಜೊತೆಗೆ ಮನೆಯವರು ಕರೆಯುವ ಹೆಸರನ್ನೂ ಬರೆಸಿದೆ. ಹುಣಸೆಮರದ ಹೊಲ, ಕೆರೆ ಹಿಂದಿನದು, ಹೀಗೆ. ಯಾರಿಗೂ ಫೋನಿನಲ್ಲಿ ಸರ್ವೆ ನಂಬರ್ ನೆನಪಿರುವುದಿಲ್ಲ. ಹುಣಸೆಮರ ನೆನಪಿರುತ್ತದೆ.

`bittane` ಹಾಳೆಯಲ್ಲಿ ಪ್ರತಿ ಬಿತ್ತನೆಗೆ ಒಂದು ಸಾಲು. `tooka` ಹಾಳೆಯಲ್ಲಿ ಪ್ರತಿ ತೂಕಕ್ಕೆ ಒಂದು ಸಾಲು. ಆಲೂಗೆಡ್ಡೆ ಒಂದೇ ದಿನ ಕೀಳುವುದಿಲ್ಲ. ಎರಡು ಮೂರು ಸಲ ಮಾರ್ಕೆಟ್ಟಿಗೆ ಹೋಗುತ್ತದೆ, ಮನೆಗೆ ಒಂದಿಷ್ಟು ಉಳಿಯುತ್ತದೆ, ನೆಂಟರಿಗೆ ಒಂದು ಚೀಲ ಹೋಗುತ್ತದೆ. ಮೊದಲು ನಾನು ಮಾರಿದ್ದನ್ನೇ ಇಳುವರಿ ಅಂತ ಬರೆದಿದ್ದೆ. ಈಗ ಎಲ್ಲಿಗೆ ಹೋಯಿತು ಅಂತ ಒಂದು ಕಾಲಂ ಇದೆ, ಎಲ್ಲ ಸೇರಿ ಇಳುವರಿ.

`bittane` ಹಾಳೆಯ ಕಾಲಂಗಳು A ಇಂದ L ತನಕ ಹೀಗಿವೆ: ಗುರುತು, ತಾಕು, ಬೆಳೆ, ಬಿತ್ತಿದ ದಿನ, ಹಂಗಾಮು, ಎಕರೆ, ಗುಂಟೆ, ಒಟ್ಟು ಎಕರೆ, ಬೀಜದ ಚೀಲ, ಕೆಜಿ, ಎಕರೆಗೆ ಕೆಜಿ, ಸ್ಥಿತಿ. `tooka` ಹಾಳೆಯಲ್ಲಿ A ಗುರುತು, B ದಿನ, C ಚೀಲ, D ಕೆಜಿ, E ಎಲ್ಲಿಗೆ. `bittane` ಎರಡನೇ ಸಾಲಿನ ಸೂತ್ರಗಳು, ಕ್ರಮವಾಗಿ A2, E2, H2, J2, K2:

```
=B2&"|"&E2&"|"&C2
=YEAR(D2)&"-"&IF(MONTH(D2)<=2,"ಬೇ",IF(MONTH(D2)<=8,"ಮು","ಹಿಂ"))
=F2+G2/40
=SUMIFS(tooka!D:D,tooka!A:A,A2)
=IF(OR(L2="ಬಾಕಿ",H2=0),"",J2/H2)
```

ಗುಂಟೆ ಕಾಲಂನಲ್ಲಿ 0ಯಿಂದ 39ರ ತನಕ ಪೂರ್ಣ ಸಂಖ್ಯೆ ಮಾತ್ರ ಹಿಡಿಯುವಂತೆ ಕಟ್ಟು ಹಾಕಿದ್ದೇನೆ. ಬೆಳೆಯ ಹೆಸರಿಗೂ ಪಟ್ಟಿಯಿಂದ ಆರಿಸುವ ವ್ಯವಸ್ಥೆ. ಇದು ಬೇಕೇ ಬೇಕು. ಹಳೆ ಹಾಳೆಯಲ್ಲಿ ಆಲೂಗಡ್ಡೆ, ಆಲೂಗೆಡ್ಡೆ, ಆಲುಗೆಡ್ಡೆ, ಆಲೂ ಗಡ್ಡೆ ಅಂತ ನಾಲ್ಕು ಥರ ಇತ್ತು. ನಮಗೆ ಎಲ್ಲ ಒಂದೇ, `SUMIFS`ಗೆ ನಾಲ್ಕು ಬೇರೆ ಬೆಳೆ. ಈಗ ಪಟ್ಟಿಯಲ್ಲಿ "ಆಲೂ" ಅಷ್ಟೇ.

ಹಂಗಾಮಿನ ಸೂತ್ರದಲ್ಲಿ ಮುಖ್ಯ ಸಂಗತಿ ಏನೆಂದರೆ ಅದು ನೋಡುವುದು ಬಿತ್ತಿದ ದಿನವನ್ನು, ಕಿತ್ತ ದಿನವನ್ನಲ್ಲ. ಶುಂಠಿಯಿಂದ ಕಲಿತ ಪಾಠ ಇದು. ಏಪ್ರಿಲ್-ಮೇ ತಿಂಗಳಲ್ಲಿ ಹಾಕಿದ ಶುಂಠಿ ಮುಂದಿನ ವರ್ಷ ಜನವರಿ, ಫೆಬ್ರವರಿಗೆ ಬರುತ್ತದೆ. ರೇಟು ಇಲ್ಲ ಅಂತ ಕೆಲವರು ಮಣ್ಣಿನಲ್ಲೇ ಬಿಡುತ್ತಾರೆ. ಕಿತ್ತ ದಿನ ನೋಡಿದರೆ ಒಂದೇ ದಿನ ನೆಟ್ಟ ಎರಡು ಹೊಲ ಬೇರೆ ಬೇರೆ ವರ್ಷಕ್ಕೆ ಸೇರಿಬಿಡುತ್ತವೆ.

ಮುಂಗಾರಿನ ಕೊನೆಯನ್ನು ಮೊದಲು ಸೆಪ್ಟೆಂಬರ್ ಅಂತ ಇಟ್ಟಿದ್ದೆ. ಆಲೂಗೆಡ್ಡೆ ಕಿತ್ತು ಸೆಪ್ಟೆಂಬರಿನಲ್ಲಿ ಹುರುಳಿ ಚೆಲ್ಲಿದವರದ್ದೂ ಮುಂಗಾರು ಅಂತಲೇ ಬಂತು. ಅವರಿಗೇ ಅದು ವಿಚಿತ್ರ ಅನಿಸಿತು. 9 ಇದ್ದದ್ದನ್ನು 8 ಮಾಡಿದೆ, ಸರಿಹೋಯಿತು. ಬಯಲುಸೀಮೆ ಕಡೆಯ ಗುಂಪಿಗೆ ಈ ಗಡಿ ಬೇರೆ ಇರಬಹುದು, ನೋಡಿ ಬದಲಾಯಿಸಿಕೊಳ್ಳಿ.

ಇನ್ನೊಂದು ಮಂಗಾಟ ದಿನಾಂಕದ್ದು. ಜೂನ್ ತಿಂಗಳಲ್ಲಿ ನೆಟ್ಟ ಆಲೂಗೆಡ್ಡೆಯ ಕೆಲವು ಸಾಲು ಹಿಂಗಾರು ಅಂತ ತೋರಿಸಿದವು, ಕೆಲವಕ್ಕೆ `#VALUE!` ಬಂತು. ಅರ್ಧ ಗಂಟೆ ಸೂತ್ರವನ್ನೇ ಬೈದೆ. ಆಮೇಲೆ ಗೊತ್ತಾಯಿತು, ಫೈಲಿನ ಪ್ರದೇಶ ಅಮೆರಿಕ ಅಂತ ಇತ್ತು. 10/06/2024 ಅನ್ನು ಅದು ಅಕ್ಟೋಬರ್ 6 ಅಂತ ಓದಿತ್ತು. 15/06 ಬಂದಾಗ ಹದಿನೈದನೇ ತಿಂಗಳು ಎಲ್ಲಿದೆ, ಸುಮ್ನೆ ಅಕ್ಷರ ಅಂತ ಬಿಟ್ಟಿತ್ತು. ಗೂಗಲ್ ಶೀಟ್ಸ್‌ನಲ್ಲಿ `File`, `Settings`, `Locale` ಒತ್ತಿ `India` ಮಾಡಿ, ತಪ್ಪಿದ ದಿನಾಂಕಗಳನ್ನು ಕೈಯಲ್ಲೇ ಮತ್ತೆ ಹೊಡೆದೆ. ಸೆಟ್ಟಿಂಗ್ ಬದಲಾಯಿಸಿದರೆ ಹಳೆಯವು ತಾವಾಗಿ ಸರಿಹೋಗುವುದಿಲ್ಲ.

ಚೀಲ ಅಂದರೆ ಎಷ್ಟು?

ವಿಸ್ತೀರ್ಣ ಸರಿಯಾಯಿತು, ಇನ್ನು ಚೀಲ. ಆಲೂಗೆಡ್ಡೆ ಚೀಲ 50 ಕೆಜಿ ಅಂತ ಲೆಕ್ಕ, ಹಸಿ ಶುಂಠಿ ಚೀಲ 60 ಕೆಜಿ ಅಂತ ವ್ಯಾಪಾರ. ರಾಗಿಗೆ ಬಂದರೆ ಹಿರಿಯರು ಪಲ್ಲ, ಖಂಡುಗದಲ್ಲೇ ಹೇಳುತ್ತಾರೆ, ಒಬ್ಬರ ಪಲ್ಲ ಇನ್ನೊಬ್ಬರ ಪಲ್ಲಕ್ಕೆ ಸರಿಬರುವುದಿಲ್ಲ. ಹಾಗಾಗಿ ಚೀಲದ ಸಂಖ್ಯೆಯನ್ನೂ ಕೆಜಿಯನ್ನೂ ಬೇರೆ ಬೇರೆ ಬರೆಯುವುದು ಅಂತ ಮಾಡಿದೆವು. ಚೀಲವನ್ನು ಸೂತ್ರದಲ್ಲಿ ಎಲ್ಲೂ ಬಳಸುವುದಿಲ್ಲ. ಅದು ಇರುವುದು ಬರೀ ತಾಳೆ ನೋಡುವುದಕ್ಕೆ.

ಆದರೆ ಹೊಲದಲ್ಲಿ ಎಲ್ಲ ಚೀಲ ತೂಗಲು ಯಾರಿಗೆ ಪುರುಸೊತ್ತು? ದೊಡ್ಡಪ್ಪನ ಹೊಲದಲ್ಲಿ ಹತ್ತು ಚೀಲ ಮಾತ್ರ ತೂಗಿದೆವು. ಮೇಲಿನ ಹತ್ತು ಅಲ್ಲ, ರಾಶಿಯ ಅಲ್ಲಲ್ಲಿಂದ ಎಳೆದ ಹತ್ತು. ಒಟ್ಟು 538 ಕೆಜಿ. ಖಾಲಿ ಗೋಣಿ ಹತ್ತು ಸೇರಿ 6 ಕೆಜಿ. ಉಳಿದದ್ದು 532, ಅಂದರೆ ಚೀಲಕ್ಕೆ 53.2 ಕೆಜಿ. "ಮಂಡೀಲಿ ಕಡ್ಮೆ ಬಂತು ಅನ್ನಿಸ್ಕೊಳ್ಳೋದು ಬ್ಯಾಡ ಅಂತ ಒಂದು ಹಿಡಿ ಜಾಸ್ತೀನೇ ತುಂಬ್ತೀವಿ ಕಣವ್ವಾ" ಅಂದರು ದೊಡ್ಡಮ್ಮ. ಆ ಒಂದು ಹಿಡಿ ಮೂರು ಕೆಜಿ. ಮಳೆ ಹಿಡಿದ ದಿನ ಕಿತ್ತರೆ ಅದರಲ್ಲಿ ಮಣ್ಣೂ ಸೇರಿರುತ್ತದೆ. ಅಂಥ ದಿನದ ಸಾಲಿಗೆ ನಾನು ಪಕ್ಕದಲ್ಲಿ "ಮಣ್ಣು" ಅಂತ ಬರೆದಿಡುತ್ತೇನೆ, ಕಳೆಯಲು ಹೋಗುವುದಿಲ್ಲ. ಎಷ್ಟು ಅಂತ ಕಳೆಯಲಿ?

96 ಚೀಲಕ್ಕೆ 53.2ರಂತೆ 5,107 ಕೆಜಿ. ಒಂದೂವರೆ ಎಕರೆಗೆ ಹಂಚಿದರೆ ಎಕರೆಗೆ 3,405. ನಾನು ಮೊದಲು ಕೊಟ್ಟದ್ದು 4,000. ಗಮನಿಸಿ, ಎರಡು ತಪ್ಪು ಎದುರುಬದುರು ಎಳೆಯುತ್ತಿದ್ದವು. ವಿಸ್ತೀರ್ಣದ ತಪ್ಪು ಇಳುವರಿಯನ್ನು ಏರಿಸುತ್ತಿತ್ತು, ಚೀಲದ ತಪ್ಪು ಇಳಿಸುತ್ತಿತ್ತು. ಚೀಲ ಒಂದನ್ನೇ ಸರಿ ಮಾಡಿದ್ದರೆ ಲೆಕ್ಕ ಇನ್ನೂ ಕೆಡುತ್ತಿತ್ತು.

ಕಿತ್ತೇ ಇಲ್ಲದ ಹೊಲ

ಗುಂಪಿನ ಸರಾಸರಿ ತೆಗೆಯುವಾಗ ಇದಕ್ಕಿಂತ ದೊಡ್ಡ ಎಡವಟ್ಟು ಸಿಕ್ಕಿತು. ಮೂರೇ ಹೊಲದಲ್ಲಿ ಹೇಳುತ್ತೇನೆ. ದೊಡ್ಡಪ್ಪನದು ಒಂದೂವರೆ ಎಕರೆ, 5,107 ಕೆಜಿ. ಪಕ್ಕದವರದು 20 ಗುಂಟೆ, 45 ಚೀಲ, 2,394 ಕೆಜಿ, ಅಂದರೆ ಎಕರೆಗೆ 4,788. ಮೂರನೆಯದು ಒಂದು ಎಕರೆ. ಜುಲೈ ಮಳೆಗೆ ಅಂಗಮಾರಿ ಬಡಿದು ಬಳ್ಳಿ ಸುಟ್ಟಂತೆ ಆಗಿ, ಗಡ್ಡೆ ಕೊಳೆತು, ಅವರು ಕೀಳದೆ ಉತ್ತುಬಿಟ್ಟರು.

ಹಳೆ ಹಾಳೆ ಮಾಡಿದ್ದು ಮೊದಲೆರಡು ಹೊಲದ ಎಕರೆವಾರು ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸುವ ಕೆಲಸ. ಈಗ ಸರಿಪಡಿಸಿದ ಅಂಕಿಗಳಿಗೂ ಹಾಗೇ ಮಾಡಿದರೆ ಬರುವುದು 4,096. ಆದರೆ 20 ಗುಂಟೆಯ ಹೊಲಕ್ಕೂ ಒಂದೂವರೆ ಎಕರೆಗೂ ಸಮ ತೂಕ ಕೊಟ್ಟರೆ ಹೇಗೆ? ಒಟ್ಟು ಕೆಜಿಯನ್ನು ಒಟ್ಟು ಎಕರೆಯಿಂದ ಭಾಗಿಸಬೇಕು. 7,501 ಕೆಜಿ, 2 ಎಕರೆ, ಎಕರೆಗೆ 3,751. ಮೂರನೆಯ ಹೊಲ? ಅದರ ಇಳುವರಿ ಕಾಲಂ ಖಾಲಿ ಇತ್ತು, ಹಾಗಾಗಿ ಹಾಳೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದೂ ಬಿತ್ತಿದ ಹೊಲವೇ, ಬಂದದ್ದು ಸೊನ್ನೆ. ಅದನ್ನು ಸೇರಿಸಿದರೆ 7,501 ಕೆಜಿಗೆ 3 ಎಕರೆ, ಎಕರೆಗೆ 2,500.

4,096 ನಂಬಿ ಮೂರು ಎಕರೆಗೆ ಲಾರಿ ಮಾತಾಡಿದ್ದರೆ 12 ಟನ್ನಿಗೆ ಜಾಗ ಹೇಳಿ ಏಳೂವರೆ ಟನ್ ತುಂಬಿಸುತ್ತಿದ್ದೆವು.

ಇದಕ್ಕೇ L ಕಾಲಂ. ಅಲ್ಲಿ ಮೂರೇ ಆಯ್ಕೆ: ಕಿತ್ತಿದೆ, ಕೈಬಿಟ್ಟಿದೆ, ಬಾಕಿ. ಕೈಬಿಟ್ಟಿದ್ದು ಸೊನ್ನೆಯಾಗಿ ಲೆಕ್ಕಕ್ಕೆ ಬರುತ್ತದೆ. ಬಾಕಿ ಇರುವುದು, ಅಂದರೆ ಇನ್ನೂ ಮಣ್ಣಿನಲ್ಲಿರುವುದು, ಕೆಜಿಯಲ್ಲೂ ಬರುವುದಿಲ್ಲ, ಎಕರೆಯಲ್ಲೂ ಬರುವುದಿಲ್ಲ.

```
=SUMIFS(bittane!J:J,bittane!C:C,"ಆಲೂ",
  bittane!E:E,"2024-ಮು",bittane!L:L,"<>ಬಾಕಿ")
/SUMIFS(bittane!H:H,bittane!C:C,"ಆಲೂ",
  bittane!E:E,"2024-ಮು",bittane!L:L,"<>ಬಾಕಿ")
```

ಕೈಬಿಟ್ಟ ಹೊಲದ ಬಗ್ಗೆ ಬರೆಸುವುದು ಸಂಕೋಚದ ಕೆಲಸ. ಬೆಳೆ ಹೋದವರ ಮನೆಗೆ ಹೋಗಿ "ಸೊನ್ನೆ ಅಂತ ಬರ್ಕೊಳ್ಲಾ ಅಣ್ಣ?" ಅಂತ ಕೇಳಲು ನಾಲಿಗೆ ಬರುವುದಿಲ್ಲ. ಈಗ ನಾವು ಸ್ಥಿತಿಯನ್ನಷ್ಟೇ ಕೇಳುತ್ತೇವೆ, ಸೊನ್ನೆಯನ್ನು ಹಾಳೆ ತಾನೇ ಹಾಕಿಕೊಳ್ಳುತ್ತದೆ.

ಇನ್ನು ಹೊಲಕ್ಕೆ ಒಯ್ಯುವ ಕಾಗದ. ಎ4 ಹಾಳೆ ಅಡ್ಡಲಾಗಿ, ಒಂದು ಮನೆಗೆ ಒಂದು. ತಾಕಿನ ನಂಬರ್, ಕರೆಯುವ ಹೆಸರು ಮೊದಲೇ ಪ್ರಿಂಟ್ ಆಗಿರುತ್ತದೆ. ಎಕರೆಗೆ ಒಂದು ಚೌಕ, ಗುಂಟೆಗೆ ಎರಡು ಚೌಕ. ನಡುವೆ ಚುಕ್ಕೆ ಹಾಕಲು ಜಾಗವೇ ಇಲ್ಲ. ಎರಡು ಗುಂಟೆಯಾದರೆ 02 ಅಂತ ಬರೆಯಬೇಕು. ಪೆನ್ಸಿಲ್ ಕಟ್ಟಿ ಕೊಡುತ್ತೇವೆ, ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ವಾಪಸ್ ಬಂದ ಹಾಳೆಯನ್ನು `tooka`ಗೆ ಹೊಡೆದ ಮೇಲೆ ಪಕ್ಕದಲ್ಲಿ ಒಂದು ತಾಳೆ ಸೂತ್ರ ಇದೆ:

```
=COUNTIF(bittane!A:A,A2)
```

1 ಬಂದರೆ ಸರಿ. 0 ಬಂದರೆ ಆ ತೂಕಕ್ಕೆ ಬಿತ್ತನೆ ಸಾಲೇ ಇಲ್ಲ, ಎಲ್ಲೋ ಗುರುತು ತಪ್ಪಿದೆ. 2 ಬಂದರೆ ಒಂದೇ ಬಿತ್ತನೆಯನ್ನು ಎರಡು ಸಲ ಬರೆದಿದ್ದೇವೆ, ಗುಂಪಿನ ಒಟ್ಟು ಲೆಕ್ಕದಲ್ಲಿ ಅದರ ಕೆಜಿಯೂ ಎರಡು ಸಲ ಸೇರಿರುತ್ತದೆ. ಮೊದಲ ತಿಂಗಳು ಆರು ಸೊನ್ನೆ, ಒಂದು ಎರಡು ಸಿಕ್ಕವು.

ತಾಕಿನ ಮೇಲೆ ಫಿಲ್ಟರ್ ಹಾಕಿದರೆ ಆ ಹೊಲದ ಹಂಗಾಮುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಶುಂಠಿ ಹಾಕುವವರು ಇದನ್ನು ಕೇಳಿಕೊಂಡು ಬರುತ್ತಾರೆ. ಕೊಳೆ ರೋಗದ ಭಯಕ್ಕೆ ಶುಂಠಿ ಬೆಳೆದ ಜಾಗಕ್ಕೆ ಮತ್ತೆ ತಕ್ಷಣ ಶುಂಠಿ ಹಾಕಬಾರದು. ಗುತ್ತಿಗೆಗೆ ಹೊಲ ಹಿಡಿಯುವವರಿಗೆ ಹಿಂದೆ ಅಲ್ಲಿ ಏನಿತ್ತು ಅಂತ ಗೊತ್ತಿರಬೇಕಲ್ವಾ.

ಸರಿಹೋಗದೆ ಉಳಿದದ್ದು ಅಕ್ಕಡಿ. ರಾಗಿ ಹೊಲದಲ್ಲಿ ನಡುನಡುವೆ ಅವರೆ, ಹುಚ್ಚೆಳ್ಳು, ಜೋಳದ ಸಾಲು ಬಿಡುತ್ತಾರೆ. ಅವರೆಗೆ ಎಷ್ಟು ಗುಂಟೆ ಅಂತ ಬರೆಯುವುದು? ರಾಗಿಯಿಂದ ಕಳೆದರೆ ರಾಗಿಯ ಇಳುವರಿ ಸುಳ್ಳೇ ಏರುತ್ತದೆ. ಕಳೆಯದೆ ಅವರೆಗೂ ಪೂರ್ತಿ ಎಕರೆ ಬರೆದರೆ ಒಂದೇ ಹೊಲ ಎರಡಾಗುತ್ತದೆ. ಸದ್ಯಕ್ಕೆ ಪೂರ್ತಿ ವಿಸ್ತೀರ್ಣ ರಾಗಿಗೆ ಬರೆದು, ಅಕ್ಕಡಿ ಬೆಳೆಗೆ ಎಕರೆ, ಗುಂಟೆ ಎರಡನ್ನೂ ಖಾಲಿ ಬಿಟ್ಟಿದ್ದೇನೆ. ಮೊದಲು `#DIV/0!` ಬರುತ್ತಿತ್ತು, ಅದಕ್ಕೇ ಮೇಲಿನ ಸೂತ್ರದಲ್ಲಿ `H2=0` ಸೇರಿಸಿದ್ದು. ಅವರೆಯ ಕೆಜಿ ಸಿಗುತ್ತದೆ, ಎಕರೆಗೆ ಎಷ್ಟು ಅನ್ನುವುದು ಸಿಗುವುದಿಲ್ಲ. ದೊಡ್ಡಪ್ಪನನ್ನು ಕೇಳಿದೆ, ಅಕ್ಕಡಿ ಸಾಲನ್ನು ಹೇಗೆ ಲೆಕ್ಕ ಹಾಕ್ತೀರಿ ಅಂತ. "ಅದನ್ನ ಯಾರವ್ವಾ ಲೆಕ್ಕ ಹಾಕ್ತಾರೆ, ಅದು ಮನೆ ಸಾರಿಗೆ" ಅಂದರು.